ಬಾಣಲೆ, ಡಬ್ಬಿ, ಗೋಪುರ: ಹಾಲಿನ ನೀರು ತೆಗೆಯುವ ಕಸುಬು ಬೆಳೆದು ಬಂದ ದಾರಿ

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಬೆಳುವಾಯಿ. ಇದೇ ರಸ್ತೆಯನ್ನು ಹಿಂದಕ್ಕೆ ಹಿಡಿದರೆ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಮಂಗಳೂರಿನ ಕುಲಶೇಖರ. ದಕ್ಷಿಣ ಕನ್ನಡ ಮತ್ತು ಉಡುಪಿ ಎರಡೂ ಜಿಲ್ಲೆಗಳ ಹಾಲನ್ನು ಕೊಳ್ಳುವ ಒಕ್ಕೂಟದ ಡೇರಿ ಇರುವುದು ಅಲ್ಲಿ. ಈ ಸೀಮೆ ಕಂಬಳದ ಕೋಣಗಳಿಗೆ ಹೆಸರಾದರೂ ಇಲ್ಲಿನ ಹಾಲು ಹಸುವಿನದು. ಅಡಿಕೆ ತೋಟದ ಬದಿಯ ಹಟ್ಟಿಯಲ್ಲಿ ಒಂದೆರಡು ಜರ್ಸಿ ಇಲ್ಲವೇ ಎಚ್‌ಎಫ್ ಮಿಶ್ರತಳಿಯ ದನ, ಬೆಳಿಗ್ಗೆ ಸಂಜೆ ಸೊಸೈಟಿಗೆ ಕೊಂಡೊಯ್ಯುವ ಕ್ಯಾನು, ಕೈಗೆ ಸಿಗುವ ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಎಂಬ ಮೂರು ಅಂಕಿ.

ಆ ಚೀಟಿಯಲ್ಲಿ ಬರೆಯದ ನಾಲ್ಕನೆಯ ಅಂಕಿಯೊಂದಿದೆ. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಎಂದು ಬಂದರೆ ಎರಡೂ ಸೇರಿ 12. ಅಂದರೆ ನೂರು ಕೆಜಿ ಹಾಲಿನಲ್ಲಿ 88 ಕೆಜಿ ಬರೀ ನೀರು. ಹಾಲಿನ ಟ್ಯಾಂಕರ್ ಸಾಗಿಸುವುದೂ, ತಂಪು ಯಂತ್ರ ತಣಿಸುವುದೂ ಹೆಚ್ಚಿನ ಪಾಲು ಈ ನೀರನ್ನೇ. ಬ್ಯಾಕ್ಟೀರಿಯಾ ಬೆಳೆದು ಹಾಲು ಹುಳಿಯಾಗುವುದಕ್ಕೂ ಆಸರೆ ಇದೇ ನೀರು. ಇದನ್ನು ತೆಗೆದುಬಿಟ್ಟರೆ ಹೊರೆಯೂ ಇಳಿಯುತ್ತದೆ, ಹಾಲೂ ಉಳಿಯುತ್ತದೆ ಎಂಬ ತಿಳಿವಳಿಕೆ ಹಳೆಯದು. ಆದರೆ ತೆಗೆಯುವ ಬಗೆ ಒಂದೊಂದು ಕಾಲದಲ್ಲಿ, ಒಂದೊಂದು ನೆಲದಲ್ಲಿ ಬೇರೆಯಾಯಿತು. ಖೋವಾ, ಕಂಡೆನ್ಸ್ಡ್ ಮಿಲ್ಕ್, ಹಾಲಿನ ಪುಡಿ ಮೂರೂ ಒಂದೇ ಮೆಟ್ಟಿಲಿನ ಮೇಲು ಕೆಳಗಿನ ಹಂತಗಳೆಂದು ತೋರಬಹುದು. ಮೂರಕ್ಕೂ ಎದುರಾದ ತೊಡಕು ಬೇರೆ ಬೇರೆ. ಎಷ್ಟು ನೀರು ತೆಗೆದರು ಎಂಬುದಕ್ಕಿಂತ ಉಳಿದ ನೀರನ್ನು ಏನು ಮಾಡಿದರು ಎಂಬುದರಲ್ಲಿ ಇವುಗಳ ವ್ಯತ್ಯಾಸ ಇದೆ. ಬೆಳುವಾಯಿಯ ಆ ನೂರು ಕೆಜಿ ಹಾಲನ್ನೇ ಮೂರೂ ದಾರಿಯಲ್ಲಿ ಕಳಿಸಿ ನೋಡೋಣ.

ಬಾಣಲೆಯ ದಾರಿ

ಖೋವಾ ಹುಟ್ಟಿದ್ದು ರಸ್ತೆಯೂ ಮಂಜುಗಡ್ಡೆಯೂ ಇಲ್ಲದ ಹಳ್ಳಿಗಳಲ್ಲಿ. ಉತ್ತರ ಭಾರತದ ಬಯಲಿನಲ್ಲಿ ಎಮ್ಮೆ ಹಾಲು ಬೇಕಾದಷ್ಟಿತ್ತು, ಪೇಟೆ ದೂರವಿತ್ತು. ಹಸಿ ಹಾಲು ಪೇಟೆ ಮುಟ್ಟುವಷ್ಟರಲ್ಲಿ ಒಡೆದುಹೋಗುವ ಬಿಸಿಲು. ಹಾಲನ್ನು ಅಲ್ಲೇ ಕುದಿಸಿ ಗಟ್ಟಿ ಮಾಡಿದರೆ ಐದನೇ ಒಂದು ಭಾಗದಷ್ಟು ತೂಕದ ಉಂಡೆಯಾಗಿ ಬುಟ್ಟಿಯಲ್ಲಿ ಪೇಟೆಗೆ ಒಯ್ಯಬಹುದಿತ್ತು. ಈ ಕಸುಬು ಕರ್ನಾಟಕದಲ್ಲಿ ಗಟ್ಟಿಯಾಗಿ ಬೇರೂರಿದ್ದು ಧಾರವಾಡ, ಬೆಳಗಾವಿಯ ಕಡೆ. ಧಾರವಾಡ ಪೇಡೆಯನ್ನು ಶುರು ಮಾಡಿದ ಠಾಕೂರ್ ಮನೆತನ ಉತ್ತರ ಪ್ರದೇಶದ ಉನ್ನಾವ್‌ನಿಂದ ಪ್ಲೇಗಿಗೆ ಹೆದರಿ ಬಂದದ್ದು. ಧಾರವಾಡದ ಗೌಳಿಗರ ಎಮ್ಮೆಗಳ ದಟ್ಟ ಹಾಲು ಅವರ ಕೈಚಳಕಕ್ಕೆ ಒದಗಿತು. ಖೋವಾವನ್ನು ಮತ್ತೆ ಬಾಣಲೆಗೆ ಹಾಕಿ, ಸಕ್ಕರೆ ಸೇರಿಸಿ, ಕಂದು ಬಣ್ಣ ಬರುವವರೆಗೆ ಹುರಿಯುವುದೇ ಆ ಪೇಡೆಯ ಗುಟ್ಟು. ಬೆಳಗಾವಿಯ ಕುಂದಾ ಕೂಡ ಇದೇ ಜಾತಿಯದು.

ಕರಾವಳಿಯಲ್ಲಿ ಹಾಲು ಹಿಂದೆ ಅಪರೂಪದ ವಸ್ತು. ಇಲ್ಲಿನ ಪಾಯಸ ನಿಂತದ್ದು ಕಾಯಿಹಾಲು ಮತ್ತು ಬೆಲ್ಲದ ಮೇಲೆ. ಹಾಗಾಗಿ ಖೋವಾ ಕಾಯಿಸುವ ಒಲೆ ತುಳುನಾಡಿನ ಹಳ್ಳಿಗಳಲ್ಲಿ ಉರಿಯಲಿಲ್ಲ. ಇವತ್ತು ಬೆಳುವಾಯಿಯ ಮನೆಯೊಂದರಲ್ಲಿ ಐದು ಲೀಟರ್ ಹಾಲಿನಿಂದ ಖೋವಾ ಮಾಡಹೊರಟರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಅಗಲ ಬಾಯಿಯ, ದಪ್ಪ ತಳದ ಬಾಣಲೆ ಬೇಕು. ಮೊದಲ ಹಂತದಲ್ಲಿ ಉರಿ ಜೋರಾಗಿರಬೇಕು. ಚಪ್ಪಟೆ ಸಟ್ಟುಗದಿಂದ ತಳವನ್ನೂ ಬದಿಯನ್ನೂ ಬಿಡದೆ ಕೆರೆಯುತ್ತ ತಿರುವುತ್ತಿರಬೇಕು. ಕೈ ನಿಂತರೆ ಹಾಲು ತಳ ಹಿಡಿಯುತ್ತದೆ, ಕೆನೆ ಕಟ್ಟಿ ಆವಿಗೆ ಅಡ್ಡ ನಿಲ್ಲುತ್ತದೆ. ಐದು ಲೀಟರ್ 1.8 ಲೀಟರಿಗೆ ಇಳಿಯುವ ಹೊತ್ತಿಗೆ ಹಾಲಿನ ರೂಪ ಒಮ್ಮೆಲೇ ಬದಲಾಗುತ್ತದೆ. ಅಲ್ಲಿಯವರೆಗೆ ಹಾಲಿನಲ್ಲಿ ಚದುರಿ ತೇಲುತ್ತಿದ್ದ ಕೇಸೀನ್ ಎಂಬ ಪ್ರೋಟೀನು ಶಾಖ ಮತ್ತು ದಟ್ಟಣೆ ಎರಡರ ಒತ್ತಡಕ್ಕೂ ತಡೆಯಲಾರದೆ ಸಣ್ಣ ಸಣ್ಣ ಕಣಗಳಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಸುವಿನ ಹಾಲು ಸುಮಾರು 2.8 ಪಟ್ಟು ಗಟ್ಟಿಯಾದಾಗ ಇದು ಆಗುತ್ತದೆ. ಎಮ್ಮೆ ಹಾಲಿಗೆ ಇನ್ನೂ ತುಸು ಮೊದಲೇ. ಇಲ್ಲಿ ಉರಿ ತಗ್ಗಿಸಬೇಕು. ಬಳಿಕ ಕುದಿತ ಮಾಯವಾಗಿ ಪುಟಪುಟ ಎನ್ನುವ ದಪ್ಪ ಗುಳ್ಳೆ ಏಳುತ್ತದೆ. ಮುದ್ದೆ ಬಾಣಲೆಯ ಬದಿ ಬಿಟ್ಟು ಒಂದಾಗಿ ಸುತ್ತತೊಡಗಿ, ಮೇಲ್ಮೈಯಲ್ಲಿ ತುಪ್ಪ ಮಿನುಗಿದಾಗ ಒಲೆಯಿಂದ ಇಳಿಸಬೇಕು. ಬಾಣಲೆಯ ಬಿಸಿಯೇ ಉಳಿದ ಕೆಲಸ ಮುಗಿಸುತ್ತದೆ. ಕೈಗೆ ಸಿಗುವುದು 900 ಗ್ರಾಂ ಚಿಲ್ಲರೆ.

ಹಾಲು ಸ್ವಲ್ಪ ಹುಳಿ ತಿರುಗಿದ್ದರೆ ಈ ಲೆಕ್ಕ ಕೆಡುತ್ತದೆ. ಪ್ರೋಟೀನು ಬೇಗನೆ ಒಡೆದು ಒರಟಾದ ಹರಳು ಹರಳು ಖೋವಾ ಬರುತ್ತದೆ. ಕಲಾಕಂದ್ ಮಾಡುವವರು ಇದನ್ನೇ ಬೇಕೆಂದು, ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ ಬರಿಸಿಕೊಳ್ಳುತ್ತಾರೆ. ಪೇಡೆಗೆ ಗಟ್ಟಿ ನಯವಾದ ಖೋವಾ ಬೇಕು, ಜಾಮೂನಿಗೆ ಇನ್ನೂ ಹಸಿಯಾದ ಮೆತ್ತಗಿನದು. ಈ ಎರಡಕ್ಕೂ ಹಾಲು ಒಂದೇ. ಒಲೆಯಿಂದ ಇಳಿಸುವ ಗಳಿಗೆ ಬೇರೆ.

ನಮ್ಮ ಹಸುವಿನ ಹಾಲಿನ ಖೋವಾಕ್ಕೆ ಎರಡು ಕೊರತೆ. ಒಂದು, ತುಸು ಉಪ್ಪು ರುಚಿ. ಹಸುವಿನ ಹಾಲಿನಲ್ಲಿರುವ ಲವಣಾಂಶ ಐದಾರು ಪಟ್ಟು ಗಟ್ಟಿಯಾದಾಗ ನಾಲಿಗೆಗೆ ಗೊತ್ತಾಗುತ್ತದೆ; ಕೆಚ್ಚಲು ಬಾವು ಬಂದ ದನದ ಹಾಲು ಸೇರಿದ್ದರೆ ಇನ್ನೂ ಹೆಚ್ಚು. ಎರಡು, ಜಿಡ್ಡು ಸಾಲದು. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಖೋವಾದ ಒಣ ಭಾಗದಲ್ಲಿ ನೂರಕ್ಕೆ ಕನಿಷ್ಠ 30ರಷ್ಟು ಹಾಲಿನ ಜಿಡ್ಡು ಇರಬೇಕು. ಚೀಟಿಯಲ್ಲಿ 3.5 ಮತ್ತು 8.5 ಬಂದ ಹಾಲಿನಲ್ಲಿ ಆ ಪಾಲು 29ರ ಹತ್ತಿರ ನಿಲ್ಲುತ್ತದೆ. ಅಂದರೆ ಒಂದು ಹನಿಯೂ ಕಲಬೆರಕೆ ಇಲ್ಲದ ಹಾಲಿನಿಂದ ಮಾಡಿದ ಖೋವಾ ಕೂಡ ಕಾನೂನಿನ ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ಸೋಲುತ್ತದೆ, ಬಾಯಿಗೂ ಒಣ ಒಣವಾಗಿ, ಅಂಟಾಗಿ ಹತ್ತುತ್ತದೆ. ಫ್ಯಾಟ್ 4 ಮುಟ್ಟಿದರೆ ಪಾಲು 32 ಆಗುತ್ತದೆ, ಖೋವಾ ಮೆದುವಾಗುತ್ತದೆ. ಎಮ್ಮೆ ಹಾಲಿನ ಸೀಮೆಯಲ್ಲಿ ಈ ಚಿಂತೆಯೇ ಇಲ್ಲ.

ನೂರು ಕೆಜಿಯ ಲೆಕ್ಕಕ್ಕೆ ಬಂದರೆ, ಖೋವಾದಲ್ಲಿ ಮೂರನೇ ಒಂದು ಭಾಗ ನೀರು ಉಳಿಯುತ್ತದೆಂದು ಹಿಡಿದು ಸುಮಾರು 18 ಕೆಜಿ ಖೋವಾ. ಆವಿಯಾಗಿ ಹೋದ ನೀರು 82 ಕೆಜಿ. ಇಷ್ಟು ತೆಗೆದ ಮೇಲೂ ಉಳಿದ ಮೂರನೇ ಒಂದು ಭಾಗ ಬೂಷ್ಟು ಬೆಳೆಯಲು ಧಾರಾಳ ಸಾಕು. ಕಾಯಿಸುವಾಗ ಸೂಕ್ಷ್ಮಜೀವಿಗಳು ಬಹುಪಾಲು ಸತ್ತಿರುತ್ತವೆ; ಆರಲು ಇಟ್ಟಾಗ ಗಾಳಿಯಿಂದ, ಕೈಯಿಂದ, ಪಾತ್ರೆಯಿಂದ ಮತ್ತೆ ಸೇರಿಕೊಳ್ಳುತ್ತವೆ. ಉತ್ತರದ ಒಣ ಹವೆಯಲ್ಲಿ ಐದಾರು ದಿನ ಬಾಳುವ ಖೋವಾ ನಮ್ಮ ಆಟಿ ತಿಂಗಳ ತೇವದಲ್ಲಿ ಎರಡು ಮೂರು ದಿನಕ್ಕೇ ಹಸಿರು ಚುಕ್ಕೆ ತೋರಿಸುತ್ತದೆ. ಖೋವಾದಿಂದ ಹಾಲಿನ ಹೊರೆ ಇಳಿಯಿತು. ಆಯುಷ್ಯ ಮಾತ್ರ ಕೆಲವೇ ದಿನ ಹೆಚ್ಚಿತು. ಬದಲಿಗೆ ಶಾಖದಿಂದ ಒಂದು ಹೊಸ ರುಚಿ ಸಿಕ್ಕಿತು, ಸಿಹಿತಿಂಡಿಯ ಅಂಗಡಿ ಅದನ್ನು ಕೈಬಿಡಲಿಲ್ಲ.

ಡಬ್ಬಿಯ ದಾರಿ

ಯುರೋಪು, ಅಮೆರಿಕದವರ ತೊಡಕು ಬೇರೆ. ಅವರಿಗೆ ಹಡಗಿನಲ್ಲಿ ತಿಂಗಳುಗಟ್ಟಲೆ ಕೆಡದ, ನೀರು ಬೆರೆಸಿದರೆ ಮತ್ತೆ ಹಾಲೇ ಆಗುವ ಹಾಲು ಬೇಕಿತ್ತು. ಬಾಣಲೆಯಲ್ಲಿ ಕುದಿಸಿದರೆ ಅದು ಸಿಗದು; ಮೂರು ಪಟ್ಟಿಗೂ ಮೊದಲೇ ಪ್ರೋಟೀನು ಒಡೆಯುತ್ತದೆ, ಒಮ್ಮೆ ಒಡೆದದ್ದು ಮತ್ತೆ ಹಾಲಾಗದು. ದಾರಿ ತೋರಿಸಿದ್ದು ಸಕ್ಕರೆ ಕಾರ್ಖಾನೆ. 1813ರ ಹೊತ್ತಿಗೆ ಇಂಗ್ಲೆಂಡಿನ ಎಡ್ವರ್ಡ್ ಹೊವಾರ್ಡ್ ಸಕ್ಕರೆ ಪಾಕವನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು, ಕಡಿಮೆ ಬಿಸಿಯಲ್ಲಿ ಕುದಿಸುವ ವಿಧಾನ ಕಂಡುಹಿಡಿದಿದ್ದ. ಗಾಳಿಯ ಒತ್ತಡವನ್ನು ಎಂಟನೇ ಒಂದಕ್ಕೆ ಇಳಿಸಿದರೆ ನೀರು 50 ಡಿಗ್ರಿಗೇ ಕುದಿಯುತ್ತದೆ. ಪಾಕ ಸೀಯದಿರಲೆಂದು ಮಾಡಿದ ಈ ನಿರ್ವಾತ ಪಾತ್ರೆ ಹಾಲಿಗೂ ಒಗ್ಗಿತು.

ಹಾಲಿಗೆ ಇದನ್ನು ಒಗ್ಗಿಸಿ 1856ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಗೇಲ್ ಬೋರ್ಡನ್. ಗಾಳಿ ತಾಗದಂತೆ ಮಾಡಿದ್ದರಿಂದಲೇ ಹಾಲು ಕೆಡುವುದಿಲ್ಲವೆಂದು ಅವನು ನಂಬಿದ್ದ. ಸೂಕ್ಷ್ಮಜೀವಿಗಳ ಬಗ್ಗೆ ಪಾಶ್ಚರ್ ಹೇಳಿದ್ದು ಜನಕ್ಕೆ ಮುಟ್ಟಲು ಇನ್ನೂ ಕಾಲ ಬೇಕಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯ ಅವನ ಡಬ್ಬಿಗಳನ್ನು ಕೊಂಡಿತು, ವ್ಯಾಪಾರ ಕುದುರಿತು. 1866ರಲ್ಲಿ ಪೇಜ್ ಸಹೋದರರು ಸ್ವಿಟ್ಜರ್‌ಲ್ಯಾಂಡಿನ ಚಾಮ್ ಎಂಬಲ್ಲಿ ಆಂಗ್ಲೋ-ಸ್ವಿಸ್ ಕಂಪನಿ ಕಟ್ಟಿದರು. ಅವರ ಮಿಲ್ಕ್‌ಮೇಡ್ 1905ರಲ್ಲಿ ಕಂಪನಿಯೊಂದಿಗೆ ನೆಸ್ಲೆಯ ಪಾಲಾಯಿತು. ಭಾರತದಲ್ಲಿ ನೆಸ್ಲೆಯ ಮೊದಲ ಕಾರ್ಖಾನೆ 1961ರಲ್ಲಿ ಪಂಜಾಬಿನ ಮೋಗಾದಲ್ಲಿ ಶುರುವಾಯಿತು. ಇವತ್ತು ಕರಾವಳಿಯ ಬೇಕರಿ, ಕೇಟರಿಂಗ್‌ನವರ ಪಾಯಸದ ಹಂಡೆ ಎಲ್ಲದರಲ್ಲೂ ಆ ಡಬ್ಬಿಯ ಹಾಲು ಇದೆ.

ನಮ್ಮ ನೂರು ಕೆಜಿ ಹಾಲು ಈ ದಾರಿಯಲ್ಲಿ ಹೋದರೆ ಮೊದಲು ಅದಕ್ಕೆ ಬಲವಾದ ಬಿಸಿ ತಾಗಿಸುತ್ತಾರೆ. ಇದು ಬ್ಯಾಕ್ಟೀರಿಯಾ ಕೊಲ್ಲುವುದಕ್ಕಷ್ಟೇ ಅಲ್ಲ; ಪ್ರೋಟೀನನ್ನು ಮೊದಲೇ ಹದ ಮಾಡಿಡದಿದ್ದರೆ ಡಬ್ಬಿ ಕಪಾಟಿನಲ್ಲಿ ಕೂತಲ್ಲೇ ತಿಂಗಳಿಂದ ತಿಂಗಳಿಗೆ ಗಟ್ಟಿಯಾಗುತ್ತ ಹೋಗುತ್ತದೆ. ಬಳಿಕ ನಿರ್ವಾತದಲ್ಲಿ 50ರಿಂದ 60 ಡಿಗ್ರಿಯೊಳಗೆ ಕುದಿಸಿ ನೀರು ಇಳಿಸುತ್ತಾರೆ, ಸಕ್ಕರೆ ಪಾಕ ಸೇರಿಸುತ್ತಾರೆ. ಕೊನೆಗೆ ಸಿಗುವುದು 40 ಕೆಜಿ. ಅದರಲ್ಲಿ ಹಾಲಿನ ಘನಾಂಶ ಆ 12 ಕೆಜಿಯೇ. ಹೊರಗಿಂದ ಸೇರಿದ ಸಕ್ಕರೆ 17 ಕೆಜಿಗೂ ಮೇಲೆ. ನೀರು 10 ಕೆಜಿ ಚಿಲ್ಲರೆ.

ಖೋವಾದಲ್ಲಿ ಉಳಿದ ನೀರು 6 ಕೆಜಿ, ಇಲ್ಲಿ 10 ಕೆಜಿ. ಹೆಚ್ಚು ನೀರಿರುವ ಡಬ್ಬಿ ವರ್ಷವಿಡೀ ಕೆಡದೆ, ಕಡಿಮೆ ನೀರಿರುವ ಖೋವಾ ಮೂರು ದಿನಕ್ಕೆ ಬೂಷ್ಟು ಹಿಡಿಯುವುದಕ್ಕೆ ಕಾರಣ ಸಕ್ಕರೆ. ನೀರಿನಲ್ಲಿ ಕರಗಿದ ಸಕ್ಕರೆ ಆ ನೀರನ್ನು ಬಿಗಿಯಾಗಿ ಹಿಡಿದಿಡುತ್ತದೆ; ಬ್ಯಾಕ್ಟೀರಿಯಾಕ್ಕೆ ಎಳೆದುಕೊಳ್ಳಲು ಸಿಗುವುದಿಲ್ಲ. ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ ವರ್ಷಗಟ್ಟಲೆ ಬಾಳುವುದು ಇದೇ ತತ್ವದ ಮೇಲೆ. ನೀರು ಮತ್ತು ಸಕ್ಕರೆ ಸೇರಿದ ಪಾಕದಲ್ಲಿ ಸಕ್ಕರೆಯ ಪಾಲು ನೂರಕ್ಕೆ 62.5ಕ್ಕಿಂತ ಕಡಿಮೆಯಾಗಬಾರದು ಎಂಬುದು ಕಾರ್ಖಾನೆಯವರ ಗೆರೆ. ಇಳಿದರೆ ಯೀಸ್ಟ್ ಬೆಳೆದು ಡಬ್ಬಿ ಉಬ್ಬುತ್ತದೆ. 64.5 ಮೀರಿದರೆ ತಣ್ಣಗಾದಾಗ ಸಕ್ಕರೆಯೇ ಹರಳಾಗಿ ಕೂರುತ್ತದೆ. ಮುಚ್ಚಳದಡಿ ಗಾಳಿ ಉಳಿದರೆ ಮೇಲ್ಮೈಯಲ್ಲಿ ಗುಂಡಿಯಂಥ ಬೂಷ್ಟು ಗಂಟುಗಳು ಏಳುತ್ತವೆ, ಹಾಗಾಗಿ ಡಬ್ಬಿಯನ್ನು ಅಂಚಿನವರೆಗೆ ತುಂಬುತ್ತಾರೆ.

ಈ ದಾರಿಯ ನಿಜವಾದ ಕೈಚಳಕ ಇರುವುದು ತಣಿಸುವ ಹಂತದಲ್ಲಿ. ಹಾಲಿಗೆ ತನ್ನದೇ ಸಕ್ಕರೆಯಿದೆ, ಲ್ಯಾಕ್ಟೋಸ್. ನಮ್ಮ ನೂರು ಕೆಜಿಯಲ್ಲಿ ನಾಲ್ಕೂವರೆ ಕೆಜಿಗೂ ಹೆಚ್ಚು. ಅದು ನೀರಿನಲ್ಲಿ ಕಷ್ಟದಿಂದ ಕರಗುವ ಸಕ್ಕರೆ. 10 ಕೆಜಿ ನೀರಿನಲ್ಲಿ ಅರ್ಧದಷ್ಟೂ ಕರಗಿ ನಿಲ್ಲದೆ ಉಳಿದದ್ದು ಹರಳಾಗಲೇಬೇಕು. ತಡೆಯಲಾಗದು, ಹರಳು ಎಷ್ಟು ದೊಡ್ಡದಾಗಬೇಕೆಂಬುದನ್ನು ಮಾತ್ರ ನಾವು ನಿರ್ಧರಿಸಬಹುದು. ತನ್ನಷ್ಟಕ್ಕೆ ನಿಧಾನವಾಗಿ ತಣಿಯಬಿಟ್ಟರೆ ಕೆಲವೇ ಹರಳು ಹುಟ್ಟಿ ಒಂದೊಂದೂ ದೊಡ್ಡದಾಗುತ್ತದೆ, ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಬೇಗನೆ 30 ಡಿಗ್ರಿಗೆ ಇಳಿಸಿ, ನುಣ್ಣಗೆ ಅರೆದ ಲ್ಯಾಕ್ಟೋಸ್ ಪುಡಿಯನ್ನು ಒಂದು ಚಿಟಿಕೆ ಬಿತ್ತಿ, ಜೋರಾಗಿ ಕದಡುತ್ತಿದ್ದರೆ ಲೆಕ್ಕವಿಲ್ಲದಷ್ಟು ಹರಳು ಒಟ್ಟಿಗೇ ಹುಟ್ಟುತ್ತವೆ, ಯಾವುದಕ್ಕೂ ಬೆಳೆಯುವಷ್ಟು ಲ್ಯಾಕ್ಟೋಸ್ ಸಿಗುವುದಿಲ್ಲ. ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣ ಹರಳು ನಾಲಿಗೆಗೆ ತಿಳಿಯದು. ಮನೆಯಲ್ಲಿ ಹಾಲು ಸಕ್ಕರೆ ಕುದಿಸಿ ಮಾಡಿದ ಕಂಡೆನ್ಸ್ಡ್ ಮಿಲ್ಕ್ ಫ್ರಿಜ್ಜಿನಲ್ಲಿ ಎರಡು ದಿನ ಇಟ್ಟರೆ ಮರಳು ಮರಳಾಗುವುದಕ್ಕೆ ಕಾರಣ ಇದು. ಸಕ್ಕರೆ ಹೆಚ್ಚಾಯಿತೆಂದು ಮುಂದಿನ ಸಲ ಕಡಿಮೆ ಹಾಕಿದರೆ ಹರಳು ಕಡಿಮೆಯಾಗದು, ಬಾಳಿಕೆ ಮಾತ್ರ ಕಡಿಮೆಯಾಗುತ್ತದೆ.

ಗೋಪುರದ ದಾರಿ

ಹಾಲನ್ನು ಪೂರ್ತಿ ಒಣಗಿಸುವ ಆಸೆ ಡಬ್ಬಿಗಿಂತ ಹಳೆಯದು. ಮಂಗೋಲ್ ಸವಾರರು ಬೆಣ್ಣೆ ತೆಗೆದ ಹಾಲನ್ನು ಬಿಸಿಲಿಗೆ ಒಣಗಿಸಿ ಚೀಲದಲ್ಲಿ ಒಯ್ಯುತ್ತಿದ್ದರೆಂದು ಮಾರ್ಕೊ ಪೋಲೋ ಬರೆದಿದ್ದಾನೆ. ಕಾರ್ಖಾನೆಯ ಕಾಲಕ್ಕೆ ಬಂದರೆ 20ನೇ ಶತಮಾನದ ಆರಂಭದಲ್ಲಿ ಎರಡು ವಿಧಾನ ಪೈಪೋಟಿಗೆ ಬಿದ್ದವು. ಒಂದು, ಒಳಗೆ ಹಬೆ ತುಂಬಿದ ಕಬ್ಬಿಣದ ಉರುಳೆಯ ಮೇಲೆ ಹಾಲನ್ನು ತೆಳುವಾಗಿ ಹರಡಿ, ಒಣಗಿದ ಪದರವನ್ನು ಅಲಗಿನಿಂದ ಕೆರೆದು ತೆಗೆಯುವುದು. ಅಗ್ಗದ ಯಂತ್ರ, ಆದರೆ ಕಾದ ಲೋಹ ತಾಗಿದ ಪ್ರೋಟೀನು ಕೆಟ್ಟು ಪುಡಿ ನೀರಿನಲ್ಲಿ ಸರಿಯಾಗಿ ಕರಗುತ್ತಿರಲಿಲ್ಲ. ಇನ್ನೊಂದು, ಹಾಲನ್ನು ಮಂಜಿನಂತೆ ಚಿಮುಕಿಸಿ ಬಿಸಿಗಾಳಿಯಲ್ಲಿ ಒಣಗಿಸುವುದು. ಇದರ ಮೊದಲ ಪೇಟೆಂಟ್ 1872ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಪರ್ಸಿಗೆ ಸಿಕ್ಕಿತು. ಕೆಲಸಕ್ಕೆ ಬರುವ ಯಂತ್ರವಾಗಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೊನೆಗೆ ಗೆದ್ದದ್ದು ಇದು.

ಇಲ್ಲಿ ಒಣಗಿಸುವ ಕೆಲಸ ಎರಡು ಪಾಲಾಗುತ್ತದೆ. ನಮ್ಮ ನೂರು ಕೆಜಿ ಹಾಲು ಮೊದಲು ನಿರ್ವಾತದ ಉದ್ದ ಕೊಳವೆಗಳಲ್ಲಿ ತೆಳ್ಳಗೆ ಇಳಿಯುತ್ತ 27 ಕೆಜಿಗೆ ಬರುತ್ತದೆ, ಅಂದರೆ 73 ಕೆಜಿ ನೀರು ಇಲ್ಲೇ ಹೋಗುತ್ತದೆ. ಗೋಪುರದಲ್ಲಿ ತೆಗೆಯಲು ಉಳಿಯುವುದು 14.6 ಕೆಜಿ. ಹೀಗೆ ಹಂಚುವುದಕ್ಕೆ ಕಾರಣ ಉರುವಲು. ಕೊಳವೆಗಳನ್ನು ಸಾಲಾಗಿ ಜೋಡಿಸಿ, ಮೊದಲನೆಯದರಲ್ಲಿ ಹಾಲಿನಿಂದ ಎದ್ದ ಆವಿಯನ್ನೇ ಎರಡನೆಯದನ್ನು ಕಾಯಿಸಲು, ಎರಡನೆಯದರದನ್ನು ಮೂರನೆಯದಕ್ಕೆ ಬಳಸುತ್ತಾರೆ. ಮುಂದಿನ ಒಂದೊಂದರಲ್ಲೂ ಒತ್ತಡ ಇನ್ನಷ್ಟು ಕಡಿಮೆ, ಹಾಗಾಗಿ ಅದೇ ಆವಿ 70 ಡಿಗ್ರಿಯಿಂದ 45 ಡಿಗ್ರಿಯವರೆಗೆ ಇಳಿಯುತ್ತ ಕುದಿಸುತ್ತ ಹೋಗುತ್ತದೆ. ಬಾಯ್ಲರಿನ ಒಂದು ಕೆಜಿ ಹಬೆ ನಾಲ್ಕಾರು ಕೆಜಿ ನೀರನ್ನು ಓಡಿಸುತ್ತದೆ. ಗೋಪುರದಲ್ಲಿ ಲೆಕ್ಕ ತಲೆಕೆಳಗು: ಒಂದು ಕೆಜಿ ನೀರಿಗೆ ಎರಡು ಕೆಜಿ ಹಬೆಯಷ್ಟು ಶಾಖ ಬೇಕು. ಅದಕ್ಕೇ ಹಾಲು ಪಂಪಿನಲ್ಲಿ ಹರಿಯುವಷ್ಟು ತೆಳುವಾಗಿರುವವರೆಗೆ ಕೊಳವೆಯಲ್ಲೇ ಇಳಿಸುತ್ತಾರೆ.

ಗೋಪುರದ ನೆತ್ತಿಯಲ್ಲಿ ಗಿರಗಿರನೆ ಸುತ್ತುವ ತಟ್ಟೆಯೊಂದು ಹಾಲನ್ನು ಸೂಕ್ಷ್ಮ ಹನಿಗಳಾಗಿ ಎಸೆಯುತ್ತದೆ. ಒಂದು ಲೀಟರನ್ನು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಹನಿಗಳಾಗಿ ಒಡೆದರೆ ಅವುಗಳ ಒಟ್ಟು ಮೇಲ್ಮೈ 120 ಚದರ ಮೀಟರ್ ಆಗುತ್ತದೆ. ಜೊತೆಗೆ ಬರುವ ಗಾಳಿಯ ಬಿಸಿ 180 ಡಿಗ್ರಿ, ಕೆಲವೆಡೆ 200. ಆದರೂ ಹಾಲು ಸೀಯುವುದಿಲ್ಲ. ಹನಿಯಲ್ಲಿ ನೀರಿರುವವರೆಗೆ ಆವಿಯಾಗುವ ಕ್ರಿಯೆಯೇ ಅದನ್ನು ತಂಪಾಗಿಡುತ್ತದೆ; ನೀರು ಮುಗಿಯುವ ಹೊತ್ತಿಗೆ ಗಾಳಿಯೂ 90 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಕೆಲವೇ ಸೆಕೆಂಡುಗಳ ಆಟ. ತಳದಲ್ಲಿ ಬೀಳುವುದು ನೂರಕ್ಕೆ ಮೂರು ಪಾಲು ಮಾತ್ರ ನೀರಿರುವ 12.4 ಕೆಜಿ ಪುಡಿ. ಮೊದಲೇ ಕೆನೆ ತೆಗೆದು ಒಣಗಿಸಿದರೆ ಸುಮಾರು 8.8 ಕೆಜಿ ಕೆನೆರಹಿತ ಪುಡಿ, ಜೊತೆಗೆ ಸುಮಾರು 4 ಕೆಜಿ ಬೆಣ್ಣೆ. ಜಿಡ್ಡಿಲ್ಲದ ಪುಡಿ ಹೆಚ್ಚು ಕಾಲ ಬಾಳುತ್ತದೆ. ಜಿಡ್ಡಿರುವುದು ಗಾಳಿ ತಾಗಿ ಕಮಟುತ್ತದೆ.

ಎಮ್ಮೆ ಹಾಲಿನ ಸವಾಲು, ಪುಡಿಯ ರಾಜಕಾರಣ

ಪುಡಿ ಮಾಡುವ ವಿದ್ಯೆ ಭಾರತಕ್ಕೆ ಬಂದಾಗ ಹೊರದೇಶದ ತಜ್ಞರು ತಲೆಯಾಡಿಸಿದರು. ಎಮ್ಮೆ ಹಾಲಿನಲ್ಲಿ ಕೇಸೀನು, ಸುಣ್ಣಾಂಶ, ಜಿಡ್ಡು ಎಲ್ಲವೂ ಹೆಚ್ಚು. ಅದು ಪುಡಿಗೆ ಒಗ್ಗದೆಂಬುದು ಅವರ ವಾದ. ಆನಂದ್‌ನಲ್ಲಿ ಎಚ್.ಎಂ. ದಲಾಯ ಅದನ್ನು ಸಾಧಿಸಿ ತೋರಿಸಿದರು. ಅಲ್ಲಿನ ಪುಡಿ ಕಾರ್ಖಾನೆಯನ್ನು 1955ರ ಅಕ್ಟೋಬರ್ 31ರಂದು ನೆಹರೂ ಉದ್ಘಾಟಿಸಿದರು. ದಲಾಯ ಅವರ ಜೊತೆಗಾರ ವರ್ಗೀಸ್ ಕುರಿಯನ್ ಹೈನುಗಾರಿಕೆಯ ಮೊದಲ ಪಾಠ ಕಲಿತದ್ದು ಬೆಂಗಳೂರಿನ ಆಡುಗೋಡಿಯ ಸಂಸ್ಥೆಯಲ್ಲಿ. 1923ರಲ್ಲಿ ಶುರುವಾಗಿದ್ದ, 1927ರಲ್ಲಿ ಗಾಂಧೀಜಿ ಗೋಪಾಲನೆಯ ಪಾಠ ಕೇಳಿದ ಅದೇ ಜಾಗ ಈಗ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ.

ಪುಡಿ ಬಂದ ಮೇಲೆ ಪೇಟೆಯ ಹಾಲಿನ ಸ್ವರೂಪವೇ ಬದಲಾಯಿತು. 1946ರಲ್ಲಿ ಮುಂಬೈಯಲ್ಲಿ ಡಿ.ಎನ್. ಖುರೋಡಿ ಎಮ್ಮೆ ಹಾಲಿಗೆ ಕೆನೆರಹಿತ ಪುಡಿಯನ್ನೂ ನೀರನ್ನೂ ಸೇರಿಸಿ ಟೋನ್ಡ್ ಹಾಲು ಎಂಬ ಅಗ್ಗದ ಹಾಲನ್ನು ಮಾಡಿದರು. 1970ರಲ್ಲಿ ಶುರುವಾದ ಆಪರೇಷನ್ ಫ್ಲಡ್‌ನ ಬಂಡವಾಳವೇ ಪುಡಿ. ಯುರೋಪಿನಲ್ಲಿ ಬೆಟ್ಟದಂತೆ ಬಿದ್ದಿದ್ದ ಪುಡಿ ಮತ್ತು ಬೆಣ್ಣೆಯೆಣ್ಣೆ ದಾನವಾಗಿ ಬಂತು. ಅದನ್ನು ಇಲ್ಲಿ ಹಾಲಾಗಿಸಿ ಮಾರಿದ ಹಣದಿಂದ ಸೊಸೈಟಿ, ಟ್ಯಾಂಕರ್, ಡೇರಿಗಳು ಎದ್ದವು. ದಾನದ ಪುಡಿಯನ್ನು ಪುಕ್ಕಟೆ ಹಂಚಿದ್ದರೆ ಹಾಲಿನ ಬೆಲೆ ಕುಸಿದು ರೈತ ದನ ಮಾರಬೇಕಾಗುತ್ತಿತ್ತು.

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನು ಅಭಿವೃದ್ಧಿ ನಿಗಮ ಹುಟ್ಟಿ, 1984ರಲ್ಲಿ ಕೆಎಂಎಫ್ ಆಯಿತು. ಯಲಹಂಕದ ಮದರ್ ಡೇರಿ, ಧಾರವಾಡ, ರಾಮನಗರದಂಥ ಕಡೆ ಪುಡಿಯ ಘಟಕಗಳು ಎದ್ದವು. ಇವುಗಳ ಕೆಲಸ ಮಳೆಗಾಲದ ಹಸಿರು ಮೇವಿನಿಂದ ಹೆಚ್ಚಿದ ಹಾಲನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವುದು. 2020ರ ಲಾಕ್‌ಡೌನಿನಲ್ಲಿ ಹೋಟೆಲು, ಮದುವೆ ಎಲ್ಲ ನಿಂತು ಹಾಲಿನ ಮಾರಾಟ ಕುಸಿದರೂ ಹಸು ಹಾಲು ಕೊಡುವುದು ನಿಲ್ಲಲಿಲ್ಲ. ಆಗ ಸರಕಾರ ಒಂದು ಪಾಲನ್ನು ಕೊಂಡು ಬಡವರಿಗೆ ಹಂಚಿತು, ಇನ್ನೊಂದು ಪಾಲು ಗೋಪುರಗಳಿಗೆ ಹೋಯಿತು. ಗೋದಾಮಿನಲ್ಲಿ ಪುಡಿ ಬೆಳೆದಂತೆ ಅದರ ಬೆಲೆ ಬೀಳುತ್ತದೆ. ದ್ರವ ಹಾಲಿಗೆ ಗಿರಾಕಿ ಇರುವಾಗ ಪುಡಿ ಮಾಡುವುದು ಯಾವ ಒಕ್ಕೂಟಕ್ಕೂ ಲಾಭದ ಮಾತಲ್ಲ. ಹಾಲು ಚೆಲ್ಲುವುದಕ್ಕಿಂತ ವಾಸಿ ಎಂಬ ಕೊನೆಯ ಆಯ್ಕೆ ಅದು.

ಬೆಳುವಾಯಿಗೆ ಮರಳಿದ ಪುಡಿ

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾದ ಮೇಲೆ ಪುಡಿಗೆ ಊರಿನೊಳಗೇ ಒಂದು ಖಾಯಂ ಗಿರಾಕಿ ಸಿಕ್ಕಿತು. ಸರಕಾರಿ, ಅನುದಾನಿತ ಶಾಲೆಯ ಮಗುವಿಗೆ 18 ಗ್ರಾಂ ಕೆನೆಭರಿತ ಪುಡಿಯಿಂದ 150 ಮಿಲಿಲೀಟರ್ ಹಾಲು. ಈ ಅಳತೆ ಬರೀ ಕಾಗದದ ಲೆಕ್ಕವಲ್ಲ. 18 ಗ್ರಾಂ ಎಂದರೆ 150 ಮಿಲಿಲೀಟರಿನ ನೂರಕ್ಕೆ 12 ಪಾಲು; ಸೊಸೈಟಿಯ ಚೀಟಿಯ 3.5 ಮತ್ತು 8.5 ಸೇರಿದ ಮೊತ್ತವೂ ಅದೇ. ತೆಗೆದಷ್ಟೇ ನೀರನ್ನು ಮರಳಿ ಕೊಟ್ಟಂತಾಯಿತು. ನೂರು ಮಕ್ಕಳಿಗೆ 1.8 ಕೆಜಿ ಪುಡಿ, ಒಂದು ಕೆಜಿ ಸಕ್ಕರೆ, ಸುಮಾರು 14 ಲೀಟರ್ ನೀರು.

ಬಿಸಿಯೂಟದ ಅಡುಗೆಯಕ್ಕಂದಿರಿಗೆ ಈ ಪುಡಿಯ ಸ್ವಭಾವ ಚೆನ್ನಾಗಿ ಗೊತ್ತು. ಕುದಿಯುವ ನೀರಿಗೆ ನೇರ ಸುರಿದರೆ ಪ್ರತಿ ಉಂಡೆಯ ಹೊರಪದರ ನೆನೆದು ಮುಚ್ಚಿಕೊಂಡು ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ; ಎಷ್ಟು ಕುದಿಸಿದರೂ ಗಂಟು ಒಡೆಯದು. ಕೈ ತಡೆಯುವಷ್ಟು ಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಮೊದಲು ದೋಸೆ ಹಿಟ್ಟಿನ ಹದಕ್ಕೆ ಕದಡಿ, ಬಳಿಕ ಉಳಿದ ನೀರು ಸೇರಿಸಿ ಕುದಿಸಬೇಕು.

ಕಷ್ಟ ಬರುವುದು ಜೂನ್ ತಿಂಗಳಿಂದ. ಗೋಪುರದಲ್ಲಿ ಕ್ಷಣಾರ್ಧದಲ್ಲಿ ಒಣಗಿದ್ದರಿಂದ ಪುಡಿಯೊಳಗಿನ ಲ್ಯಾಕ್ಟೋಸಿಗೆ ಹರಳಾಗಲು ಸಮಯವೇ ಸಿಕ್ಕಿರುವುದಿಲ್ಲ. ಗಾಜಿನಂತೆ ಹೆಪ್ಪುಗಟ್ಟಿ ನಿಂತಿರುತ್ತದೆ. ಬಾಯಿ ತೆರೆದ ಪೊಟ್ಟಣಕ್ಕೆ ಕರಾವಳಿಯ ಮಳೆಗಾಲದ ಗಾಳಿ ತಾಗಿದರೆ ಅದು ತೇವ ಹೀರಿ ಮೆತ್ತಗಾಗುತ್ತದೆ, ಕಣಕ್ಕೆ ಕಣ ಅಂಟುತ್ತದೆ. ಮುಂದೆ ಲ್ಯಾಕ್ಟೋಸ್ ಹರಳಾಗುವಾಗ ಹೀರಿದ ನೀರನ್ನು ಹೊರಹಾಕುತ್ತದೆ, ಆ ನೀರು ಪಕ್ಕದ ಕಣಗಳನ್ನು ಅಂಟಿಸುತ್ತದೆ. ಕಲ್ಲಿನಂಥ ಗಟ್ಟಿ ಉಂಡೆ ಹುಟ್ಟುವುದು ಹೀಗೆ. ಬೆರಳಿನಿಂದ ಒತ್ತಿದರೆ ಪುಡಿಯಾಗುವ ಗಂಟಿಗೆ ಹೆದರಬೇಕಿಲ್ಲ. ಒತ್ತಿದರೂ ಒಡೆಯದೆ, ತುಸು ಹಳದಿ ಕಂದಾಗಿ, ಅಂಟಿನ ವಾಸನೆ ಬಂದರೆ ಲ್ಯಾಕ್ಟೋಸು ಪ್ರೋಟೀನಿನೊಂದಿಗೆ ಕೂಡಿಕೊಳ್ಳತೊಡಗಿದೆ ಎಂದು ತಿಳಿಯಬೇಕು, ಅದನ್ನು ಬಳಸಬಾರದು. ಖೋವಾದಲ್ಲಿ ಧಾರವಾಡದವರು ಬೇಕೆಂದು ಹುರಿದು ಬರಿಸಿಕೊಳ್ಳುವ ಕಂದು ಬಣ್ಣ, ಪುಡಿಯಲ್ಲಿ ಹಾಳಾದದ್ದರ ಗುರುತು. ಪೊಟ್ಟಣವನ್ನು ಅಂದಂದಿಗೆ ಬೇಕಾದಷ್ಟೇ ತೆರೆದು, ಉಳಿದದ್ದನ್ನು ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿ, ಒಲೆಯ ಹಬೆಯಿಂದ ದೂರ ಇಡುವುದೇ ಇದಕ್ಕೆ ಮದ್ದು.

ಹಾಗಾದರೆ ಹಾಲು ಹೆಚ್ಚಿದಾಗ ಊರಿನಲ್ಲೇ ನೀರು ತೆಗೆದು ಮಾರಲು ಬರುವುದಿಲ್ಲವೇ? ಪುಡಿ ಆಗದ ಮಾತು. ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಸಿಗದೆ ಗೋಪುರ ಓಡದು. ಡಬ್ಬಿಗೂ ನಿರ್ವಾತ ಯಂತ್ರ ಬೇಕು. ಉಳಿಯುವುದು ಖೋವಾ. ಅದರ ಲೆಕ್ಕ ಸರಳ: ಒಂದು ಕೆಜಿ ಖೋವಾಕ್ಕೆ ಐದೂವರೆ ಕೆಜಿ ಹಾಲು. ಉರುವಲಿನ ಲೆಕ್ಕ ಸುಲಭವಲ್ಲ. ಒಂದು ಕೆಜಿ ನೀರನ್ನು ಆವಿ ಮಾಡಲು 540 ಕಿಲೋಕ್ಯಾಲರಿ ಬೇಕು. ಬಾಣಲೆಯಲ್ಲಿ ಎದ್ದ ಆವಿ ಮಾಡಿಗೆ ಹೋಯಿತು, ಕೊಳವೆ ಸಾಲಿನ ಹಾಗೆ ಮರುಬಳಕೆ ಇಲ್ಲ. ಸೌದೆ ಒಲೆಯ ಶಾಖದಲ್ಲಿ ಐದನೇ ಒಂದು ಭಾಗ ಮಾತ್ರ ಪಾತ್ರೆಗೆ ಮುಟ್ಟುತ್ತದೆ. ಎಲ್ಲ ಸೇರಿ ಕೆಜಿ ಖೋವಾಕ್ಕೆ ಸುಮಾರು ನಾಲ್ಕು ಕೆಜಿ ಒಣ ಸೌದೆ, ಅದರ ಮೇಲೆ ಒಬ್ಬರ ಬಿಡುವಿಲ್ಲದ ಕೈ. ಅಡಿಕೆ ತೋಟದ ಸೋಗೆ, ತೆಂಗಿನ ಮಡಲು ಬಿಟ್ಟಿ ಸಿಗುವ ಮನೆಗೆ, ಹತ್ತಿರದಲ್ಲೇ ಕೊಳ್ಳುವ ಸಿಹಿತಿಂಡಿಯವರಿದ್ದರೆ, ಫ್ಯಾಟ್ 4ರ ಮೇಲಿರುವ ಹಾಲಿಗೆ ಮಾತ್ರ ಇದು ಗಿಟ್ಟುವ ಕೆಲಸ.

ಕೊಳ್ಳುವವರಿಗೂ ಇದೇ ಲೆಕ್ಕ ಅಳತೆಗೋಲಾಗುತ್ತದೆ. ಪೇಟೆಯಲ್ಲಿ ಐದೂವರೆ ಲೀಟರ್ ಹಾಲಿನ ಬೆಲೆಗಿಂತ ಕಡಿಮೆಗೆ ಒಂದು ಕೆಜಿ ಖೋವಾ ಸಿಕ್ಕರೆ ಒಂದೋ ಜಿಡ್ಡು ಮೊದಲೇ ಹೊರಗೆ ಹೋಗಿದೆ, ಇಲ್ಲವೇ ಹಿಟ್ಟೋ ಬೇರೆ ಎಣ್ಣೆಯೋ ಒಳಗೆ ಬಂದಿದೆ. ಚೂರು ಖೋವಾವನ್ನು ನೀರಿನಲ್ಲಿ ಕುದಿಸಿ, ಆರಿಸಿ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಎರಡು ಹನಿ ಬಿಟ್ಟರೆ ಹಿಟ್ಟು ಬೆರೆತದ್ದು ನೀಲಿಯಾಗಿ ತೋರುತ್ತದೆ. ಬೆರೆತ ಎಣ್ಣೆ ಈ ಪರೀಕ್ಷೆಗೆ ಸಿಗದು, ಅದಕ್ಕೆ ಪ್ರಯೋಗಾಲಯವೇ ಬೇಕು. ಅಲ್ಲಿಯವರೆಗೆ ಗಿರಾಕಿಯ ಕೈಯಲ್ಲಿರುವುದು ಸೊಸೈಟಿ ಚೀಟಿಯ ಆ ಅಂಕಿಗಳಿಂದ ಶುರುವಾಗುವ ಗುಣಾಕಾರವೊಂದೇ.